ಕೊಡುಗೆಯ ಲೆಕ್ಕ ಯಾರ ಪುಸ್ತಕದಲ್ಲಿ?

ವಾಣಿಜ್ಯ ಮತ್ತು ನಿರ್ವಹಣಾ ಶಾಸ್ತ್ರದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಬಗೆಯ ಪ್ರಶ್ನೆಯನ್ನೇ ಇಂದಿನ ಉಪನ್ಯಾಸದ ವಸ್ತುವಾಗಿ ಆರಿಸಿಕೊಂಡಿದ್ದೇನೆ. ಒಂದು ಸನ್ನಿವೇಶ ಕೊಟ್ಟು, ಈಕ್ವಿಟಿ ಸಿದ್ಧಾಂತದ ನೆಲೆಯಲ್ಲಿ ವಿವರಿಸಿ ಎಂದು ಕೇಳುವ ಪ್ರಶ್ನೆ ಅದು. ಅದರ ಮಾದರಿಯೊಂದನ್ನು ಕಟ್ಟಿಕೊಡುತ್ತೇನೆ. ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘದಲ್ಲಿ ಸಾವಿತ್ರಿ 9 ವರ್ಷಗಳಿಂದ ಗುಮಾಸ್ತೆ. ಬಿ.ಕಾಂ. ಓದಿದ್ದಾಳೆ, ತಿಂಗಳಿಗೆ 24,000 ರೂಪಾಯಿ ಸಂಬಳ. ಕಳೆದ ವರ್ಷ ಎಂ.ಬಿ.ಎ. ಮಾಡಿದ ನವೀನನನ್ನು ಅದೇ ಹುದ್ದೆಗೆ 26,000 ರೂಪಾಯಿಗೆ ನೇಮಿಸಿಕೊಂಡರು. ಅವನಿಗೆ ಪಿಗ್ಮಿ ಠೇವಣಿಯ ಲೆಕ್ಕ, ಸುಸ್ತಿ ಸಾಲದ ನೋಟಿಸು, ದಿನದ ಕೊನೆಯ ತಾಳೆ ಎಲ್ಲವನ್ನೂ ಕಲಿಸಿದ್ದು ಸಾವಿತ್ರಿಯೇ. ಸಂಘದ ಹೊಸ ಸಾಫ್ಟ್‌ವೇರಿಗೆ ಹಳೆಯ ಖಾತೆಗಳನ್ನು ಏರಿಸುವ ಕೆಲಸ ಮಾಡಿದವನು ನವೀನ. ಈಚೆಗೆ ಸಾವಿತ್ರಿ ಐದೂವರೆಗೆ ಸರಿಯಾಗಿ ಎದ್ದು ಹೋಗುತ್ತಾಳೆ. ಕೌಂಟರಿಗೆ ಬರುವ ಸದಸ್ಯರೊಡನೆ ಮಾತ್ರ ಮೊದಲಿನಷ್ಟೇ ಚೆನ್ನಾಗಿ ನಡೆದುಕೊಳ್ಳುತ್ತಾಳೆ. ನವೀನ ಏನಾದರೂ ಕೇಳಿದರೆ ‘ನೀವು ಎಂ.ಬಿ.ಎ. ಅಲ್ವಾ ಸಾರ್, ನಿಮಗೆ ಗೊತ್ತಿಲ್ಲದ್ದು ನನಗೇನು ಗೊತ್ತು’ ಅನ್ನುತ್ತಾಳೆ. ಸಂಘದ ಕಾರ್ಯದರ್ಶಿಗಳಿಗೆ ಇದು ಅರ್ಥವಾಗಿಲ್ಲ. ಆಕೆಯ ಸಂಬಳ ಒಂದು ಪೈಸೆಯೂ ಕಡಿಮೆಯಾಗಿಲ್ಲವಲ್ಲ ಎನ್ನುತ್ತಾರೆ. ವಿವರಿಸಿ.

ಇದಕ್ಕೆ ಉತ್ತರ ಪತ್ರಿಕೆಗಳಲ್ಲಿ ಸಿಗುವ ಸಾಮಾನ್ಯ ಉತ್ತರ ಎರಡು ಸಾಲಿನದು. ನವೀನನಿಗೆ 26,000, ಸಾವಿತ್ರಿಗೆ 24,000. ಆದ್ದರಿಂದ ಸಾವಿತ್ರಿಗೆ ಅನ್ಯಾಯವಾಗಿದೆ ಎಂಬ ಭಾವನೆ, ಆದ್ದರಿಂದ ಕೆಲಸ ಕಡಿಮೆ ಮಾಡುತ್ತಿದ್ದಾಳೆ. ಈ ಉತ್ತರ ಸುಳ್ಳೇನಲ್ಲ. ಆದರೆ ಇದನ್ನು ಹೇಳಲು ಸಿದ್ಧಾಂತವೇ ಬೇಕಾಗಿರಲಿಲ್ಲ, ಅಸೂಯೆ ಎಂಬ ಒಂದು ಮಾತು ಸಾಕಾಗಿತ್ತು. ಕಾರ್ಯದರ್ಶಿಗಳೂ ಬಹುಶಃ ಅದನ್ನೇ ಹೇಳುತ್ತಾರೆ. ನನ್ನ ವಾದ ಬೇರೆ. ಇಂಥ ಸನ್ನಿವೇಶಗಳಲ್ಲಿ ತಕರಾರು ಹುಟ್ಟುವುದು ಬಹುಪಾಲು ಪ್ರತಿಫಲದ ಅಂಕಣದಲ್ಲಲ್ಲ, ಕೊಡುಗೆಯ ಅಂಕಣದಲ್ಲಿ. ಯಾರಿಗೆಷ್ಟು ಸಿಕ್ಕಿತು ಎಂಬುದು ಎಲ್ಲರಿಗೂ ಒಂದೇ ರೀತಿ ಕಾಣುತ್ತದೆ. ಯಾರು ಏನು ಕೊಟ್ಟರು, ಕೊಟ್ಟದ್ದರಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ ಇಬ್ಬರ ಪುಸ್ತಕ ಬೇರೆಬೇರೆಯಾಗುತ್ತದೆ. ಸಿದ್ಧಾಂತದ ಮೂಲ ಬರಹದಲ್ಲಿಯೇ ಇರುವ ಈ ಮಾತು ಪಠ್ಯಪುಸ್ತಕಕ್ಕೆ ಬರುವಷ್ಟರಲ್ಲಿ ಹೇಗೋ ಉದುರಿಹೋಗಿದೆ.

ಮೂಲ ಬರಹ ಜೆ. ಸ್ಟೇಸಿ ಆಡಮ್ಸ್ ಅವರದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವರ್ತನೆಯ ಸಂಶೋಧನೆ ನಡೆಸುತ್ತಿದ್ದ ಮನಶ್ಶಾಸ್ತ್ರಜ್ಞ ಆತ. 1963ರಲ್ಲಿ ಒಂದು ಲೇಖನ, 1965ರಲ್ಲಿ ಅದನ್ನೇ ವಿಸ್ತರಿಸಿದ ಒಂದು ದೀರ್ಘ ಅಧ್ಯಾಯ, ಈ ಎರಡರಲ್ಲಿ ಸಿದ್ಧಾಂತ ರೂಪ ತಳೆಯಿತು. ಅದರ ತಿರುಳು ಇಷ್ಟು. ಕೆಲಸ ಮಾಡುವವನು ತಾನು ಪಡೆದದ್ದನ್ನು ತಾನು ಕೊಟ್ಟದ್ದರೊಡನೆ ಇಟ್ಟು ನೋಡುತ್ತಾನೆ. ಆಮೇಲೆ ಆ ಪ್ರಮಾಣವನ್ನು ಇನ್ನೊಬ್ಬನ ಅದೇ ಪ್ರಮಾಣದೊಡನೆ ಹೋಲಿಸುತ್ತಾನೆ. ಎರಡೂ ಸರಿಸಮ ಕಂಡರೆ ಮನಸ್ಸು ನೆಮ್ಮದಿಯಾಗಿರುತ್ತದೆ. ತನ್ನ ಪ್ರಮಾಣ ಕಡಿಮೆ ಕಂಡರೂ, ಹೆಚ್ಚು ಕಂಡರೂ ಒಂದು ಬಗೆಯ ಇರುಸುಮುರುಸು ಹುಟ್ಟಿ, ಅದನ್ನು ಕಳೆದುಕೊಳ್ಳಲು ಅವನು ಏನಾದರೂ ಮಾಡುತ್ತಾನೆ. ಇದಿಷ್ಟು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಇಲ್ಲದಿರುವುದು ಆಡಮ್ಸ್ ಕೊಡುಗೆಯ ಬಗ್ಗೆ ಹಾಕಿದ ಎರಡು ಷರತ್ತುಗಳು. ಒಬ್ಬನಲ್ಲಿರುವ ಗುಣವೋ ದುಡಿಮೆಯೋ ಅನುಭವವೋ ಕೊಡುಗೆ ಎನಿಸಿಕೊಳ್ಳಬೇಕಾದರೆ ಅದು ಇದೆ ಎಂದು ಗುರುತಿಸಬೇಕು. ಅಷ್ಟೇ ಅಲ್ಲ, ಈ ಕೊಡುಕೊಳ್ಳುವಿಕೆಗೆ ಅದು ಸಂಬಂಧಪಟ್ಟದ್ದು ಎಂದು ಒಪ್ಪಬೇಕು. ಹೀಗೆ ಗುರುತಿಸಿ ಒಪ್ಪುವವರು ಇಬ್ಬರಿರುತ್ತಾರೆ, ಕೊಡುವವನು ಮತ್ತು ಪಡೆಯುವವನು. ಇಬ್ಬರೂ ಒಂದೇ ಪಟ್ಟಿ ಬರೆಯುತ್ತಾರೆ ಎಂಬ ಖಾತರಿಯಿಲ್ಲ. ದುಡಿಯುವವನ ಮಟ್ಟಿಗೆ ಅವನು ಕೊಡುಗೆ ಎಂದುಕೊಂಡದ್ದೆಲ್ಲ ಕೊಡುಗೆಯೇ, ಮಾಲೀಕ ಅದನ್ನು ಕಣ್ಣೆತ್ತಿ ನೋಡದಿದ್ದರೂ ಸಹ. ಅಸಮತೆಯ ಭಾವ ಹುಟ್ಟುವ ದೊಡ್ಡ ಜಾಗ ಇದೇ ಎಂದು ಆಡಮ್ಸ್ ಕಂಡುಕೊಂಡಿದ್ದರು.

ಈ ಯೋಚನೆಗೆ ಅವರಿಗಿಂತ ಮೊದಲೇ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿತ್ತು. ಸಮಾಜಶಾಸ್ತ್ರಜ್ಞ ಜಾರ್ಜ್ ಹೋಮನ್ಸ್ 1953ರಲ್ಲಿ ಅಮೆರಿಕದ ಕಂಪನಿಯೊಂದರ ಲೆಕ್ಕದ ವಿಭಾಗದ ಗುಮಾಸ್ತೆಯರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಎರಡು ಗುಂಪು. ಗ್ರಾಹಕರಿಂದ ಬಂದ ಹಣವನ್ನು ಖಾತೆಗೆ ನಮೂದಿಸುವವರು ಒಂದು ಗುಂಪು. ಲೆಡ್ಜರ್ ನೋಡಿಕೊಳ್ಳುವವರು ಇನ್ನೊಂದು. ಲೆಡ್ಜರಿನವರ ಕೆಲಸದಲ್ಲಿ ಜವಾಬ್ದಾರಿ ಹೆಚ್ಚು, ತಿಳಿದಿರಬೇಕಾದ್ದು ಹೆಚ್ಚು, ಸೇವಾವಧಿಯೂ ಸಾಮಾನ್ಯವಾಗಿ ಹೆಚ್ಚು. ನಮೂದಿಸುವವರು ಬಡ್ತಿ ಪಡೆದು ಲೆಡ್ಜರಿಗೆ ಹೋಗುತ್ತಿದ್ದರು. ಆದರೆ ಎರಡೂ ಗುಂಪಿಗೆ ಸಂಬಳ ಒಂದೇ. ಹಣ ನಮೂದಿಸುವ ಕೆಲಸ ಹೆಚ್ಚಾದ ದಿನ ಲೆಡ್ಜರಿನವರನ್ನೇ ಎಬ್ಬಿಸಿ ಅಲ್ಲಿಗೆ ಕಳಿಸುತ್ತಿದ್ದರು. ಲೆಡ್ಜರಿನವರಿಗೆ ಸಂಬಳ ಸಾಲದು ಎಂಬ ದೂರು ಇರಲಿಲ್ಲ. ಅವರು ಬಯಸಿದ್ದು ಕೆಲವೇ ಡಾಲರುಗಳ ವ್ಯತ್ಯಾಸವನ್ನು, ಅದೂ ತಮ್ಮ ಕೆಲಸ ಹೆಚ್ಚಿನದು ಎಂದು ತೋರಿಸುವುದಕ್ಕಾಗಿ. ನಮ್ಮ ವಿದ್ಯಾರ್ಥಿಗಳ ಎರಡು ಸಾಲಿನ ಉತ್ತರ ಈ ಗುಮಾಸ್ತೆಯರ ಮುಂದೆ ನಿಲ್ಲುವುದಿಲ್ಲ. ಇಲ್ಲಿ ಯಾರಿಗೂ ಹೆಚ್ಚು ಕಡಿಮೆ ಸಂಬಳವಿಲ್ಲ. ಸಂಬಳ ಸಮನಾಗಿದ್ದದ್ದೇ ಅಸಮತೆ.

ಈಗ ಸಾವಿತ್ರಿಯ ಲೆಕ್ಕಕ್ಕೆ ಬರೋಣ. ಸನ್ನಿವೇಶದ ಪ್ರಶ್ನೆಯನ್ನು ಬಿಡಿಸುವವರು ಮೊದಲು ಮಾಡಬೇಕಾದ್ದು ಒಂದೇ ಪಟ್ಟಿಯಲ್ಲ, ಎರಡು ಪಟ್ಟಿ. ಸಾವಿತ್ರಿಯ ಕಣ್ಣಿನಲ್ಲಿ ಆಕೆಯ ಕೊಡುಗೆಗಳು 9 ವರ್ಷದ ಅನುಭವ, ಪ್ರತಿಯೊಬ್ಬ ಸದಸ್ಯನ ಪರಿಚಯ, ತಾಳೆ ಬರುವ ತನಕ ಕೂತ ಸಂಜೆಗಳು, ಎಲ್ಲಕ್ಕಿಂತ ಮುಖ್ಯವಾಗಿ ನವೀನನಿಗೆ ಕಲಿಸಿಕೊಟ್ಟದ್ದು. ನವೀನನ ಪಾಲಿಗೆ ಒಂದು ಪದವಿ, ಒಂದು ಸಾಫ್ಟ್‌ವೇರಿನ ಕೆಲಸ. ಕಾರ್ಯದರ್ಶಿಗಳ ಕಣ್ಣಿನಲ್ಲಿ ಪಟ್ಟಿ ಬೇರೆ. ನವೀನನ ಎಂ.ಬಿ.ಎ. ಅಲ್ಲಿ ದೊಡ್ಡ ಅಕ್ಷರದಲ್ಲಿದೆ, ಏಕೆಂದರೆ ಅದನ್ನು ಆಡಳಿತ ಮಂಡಳಿಗೆ ತೋರಿಸಬಹುದು. ಸಾವಿತ್ರಿಯ ಅನುಭವವೂ ಇದೆ, ಆದರೆ ಅದೇ ಕೆಲಸವನ್ನು 9 ವರ್ಷ ಮಾಡಿದ ಅನುಭವವಾಗಿ. ಕಲಿಸಿಕೊಟ್ಟದ್ದು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಸಹೋದ್ಯೋಗಿಗೆ ಒಂದಿಷ್ಟು ಹೇಳಿಕೊಡುವುದು ಕೆಲಸವೇ ಎಂದು ಅವರು ಕೇಳಿಯಾರು. ಆಡಮ್ಸ್ ಹೇಳಿದ ಮೊದಲ ಷರತ್ತು ಇಲ್ಲಿ ಬಿದ್ದುಹೋಯಿತು, ಅಂದರೆ ಗುರುತಿಸುವಿಕೆಯೇ ಇಲ್ಲ.

ಅಂದಾಜಿಗೆ ಅಂಕಿಗಳನ್ನು ಇಟ್ಟು ನೋಡಬಹುದು. ಸಾವಿತ್ರಿ ತನ್ನ ಕೊಡುಗೆಯನ್ನು 10 ಎಂದೂ ನವೀನನದನ್ನು 6 ಎಂದೂ ಎಣಿಸುತ್ತಾಳೆ ಎಂದುಕೊಳ್ಳಿ. ಸಾವಿರದ ಲೆಕ್ಕದಲ್ಲಿ ಆಕೆಯ ಪ್ರಮಾಣ 24 ಭಾಗಿಸು 10, ಅಂದರೆ 2.4. ನವೀನನದು 26 ಭಾಗಿಸು 6, ಅಂದರೆ ಸುಮಾರು 4.3. ಸಾವಿತ್ರಿಗೆ ಕಾಣುವ ಅಂತರ ದೊಡ್ಡದು. ಇನ್ನು ಕಾರ್ಯದರ್ಶಿಗಳ ಪುಸ್ತಕ ತೆರೆಯಿರಿ. ಅವರು ಸಾವಿತ್ರಿಯ ಕೊಡುಗೆಗೆ 8, ನವೀನನ ಕೊಡುಗೆಗೆ 9 ಎಂದು ಬರೆದಿದ್ದಾರೆ ಎನ್ನೋಣ. ಆಗ ಸಾವಿತ್ರಿಯ ಪ್ರಮಾಣ 3, ನವೀನನದು 2.9ಕ್ಕೆ ಕೊಂಚ ಕಡಿಮೆ. ಅವರ ಲೆಕ್ಕದಲ್ಲಿ ಒಂದು ಎಳೆಯಷ್ಟು ಕಡಿಮೆ ಬಿದ್ದಿರುವುದು ನವೀನನಿಗೆ! ಎರಡೂ ಲೆಕ್ಕದಲ್ಲಿ ಸಂಬಳದ ಅಂಕಿ ಬದಲಾಗಿಲ್ಲ. ಕೊಡುಗೆಯ ಅಂಕಣ ಬದಲಾದ ಮಾತ್ರಕ್ಕೆ ಅನ್ಯಾಯದ ದಿಕ್ಕೇ ತಿರುಗಿತು. ಸಾವಿತ್ರಿಯ ವರ್ತನೆ ಕಾರ್ಯದರ್ಶಿಗಳಿಗೆ ಅರ್ಥವಾಗದಿರುವುದು ಅವರ ಕಲ್ಲುಮನಸ್ಸಿನಿಂದಲ್ಲ. ಅವರ ಪುಸ್ತಕದ ಪ್ರಕಾರ ಅಲ್ಲಿ ಅರ್ಥವಾಗಬೇಕಾದ್ದು ಏನೂ ಇಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ಈ ಭಾಗಾಕಾರವನ್ನು ನಿಜವಾದ ಗಣಿತವೆಂದು ತಿಳಿದರೆ ಅಸಂಬದ್ಧಕ್ಕೆ ಹೋಗಿ ಮುಟ್ಟುತ್ತೇವೆ. ಸಾವಿತ್ರಿಯ ಅಂಕಿಗಳ ಪ್ರಕಾರ ಸಮತೆ ಬರಬೇಕಾದರೆ ಆಕೆಗೆ ತಿಂಗಳಿಗೆ 43,000ಕ್ಕೂ ಹೆಚ್ಚು ಕೊಡಬೇಕಾಗುತ್ತದೆ. ಅಷ್ಟನ್ನು ಆಕೆ ಕನಸಿನಲ್ಲಿಯೂ ಕೇಳಿರಲಾರಳು. ಬಹುಶಃ 27,000 ಕೊಟ್ಟು, ನವೀನನನ್ನು ತಯಾರು ಮಾಡಿದ್ದು ಈಕೆ ಎಂದು ಸಭೆಯಲ್ಲಿ ಒಂದು ಮಾತು ಹೇಳಿದರೆ ಮುಗಿದೀತು. ಹೋಮನ್ಸ್ ಕಂಡ ಗುಮಾಸ್ತೆಯರೂ ಕೇಳಿದ್ದು ಕೆಲವು ಡಾಲರುಗಳನ್ನೇ. ಅನುಭವ, ಪದವಿ, ತಾಳ್ಮೆ ಇವನ್ನು ಒಂದೇ ತಕ್ಕಡಿಯಲ್ಲಿ ತೂಗಿ ಕೂಡಿಸುವ ಮಾನದಂಡ ಯಾರ ಬಳಿಯೂ ಇಲ್ಲ. ಆದ್ದರಿಂದ ಆಡಮ್ಸ್ ಅವರ ಸೂತ್ರ ದಿಕ್ಕನ್ನು ತೋರಿಸುತ್ತದೆ, ದೂರವನ್ನು ಅಳೆಯುವುದಿಲ್ಲ. ಯಾರ ಪ್ರಮಾಣ ಮೇಲೆ, ಯಾರದು ಕೆಳಗೆ ಎಂಬಷ್ಟನ್ನು ಅದರಿಂದ ತೆಗೆಯಬಹುದು. ಎಷ್ಟು ಕೊಟ್ಟರೆ ಸರಿಹೋದೀತು ಎಂಬುದನ್ನು ತೆಗೆಯಲಾಗದು.

ಮುಂದಿನ ಹೆಜ್ಜೆ, ಇರುಸುಮುರುಸಾದವಳು ಏನು ಮಾಡುತ್ತಾಳೆ ಎಂಬುದು. ಆಡಮ್ಸ್ ಆರು ದಾರಿಗಳನ್ನು ಹೇಳಿದ್ದಾರೆ. ತನ್ನ ಕೊಡುಗೆಯನ್ನು ಬದಲಿಸುವುದು, ತನ್ನ ಪ್ರತಿಫಲವನ್ನು ಬದಲಿಸುವುದು, ಮನಸ್ಸಿನಲ್ಲೇ ಲೆಕ್ಕವನ್ನು ತಿರುಚಿಕೊಳ್ಳುವುದು, ಜಾಗ ಬಿಟ್ಟು ಹೋಗುವುದು, ಎದುರಿನವನ ಮೇಲೆ ಏನಾದರೂ ಒತ್ತಡ ತರುವುದು, ಹೋಲಿಕೆಯ ವ್ಯಕ್ತಿಯನ್ನೇ ಬದಲಿಸುವುದು. ಆರನ್ನೂ ಬಾಯಿಪಾಠ ಮಾಡಿ ಬರೆದರೆ ಅಂಕ ಸಿಗುತ್ತದೆ, ವಿವರಣೆ ಸಿಗುವುದಿಲ್ಲ. ನಮ್ಮ ಸನ್ನಿವೇಶವನ್ನು ಇನ್ನೊಮ್ಮೆ ಓದಿ. ಸಾವಿತ್ರಿ ಎಲ್ಲ ಕೆಲಸವನ್ನೂ ಕಡಿಮೆ ಮಾಡಿಲ್ಲ. ಸದಸ್ಯರೊಡನೆ ಮೊದಲಿನಂತೆಯೇ ಇದ್ದಾಳೆ. ನಿಲ್ಲಿಸಿದ್ದು ಎರಡನ್ನು, ಸಂಜೆ ಹೆಚ್ಚು ಹೊತ್ತು ಕೂರುವುದು ಮತ್ತು ನವೀನನಿಗೆ ಹೇಳಿಕೊಡುವುದು. ಎರಡೂ ಕಾರ್ಯದರ್ಶಿಗಳ ಪುಸ್ತಕದಲ್ಲಿ ನಮೂದಾಗದ ಕೊಡುಗೆಗಳು. ಲೆಕ್ಕಕ್ಕೆ ಬಾರದ್ದನ್ನು ಹಿಂತೆಗೆದುಕೊಂಡರೆ ಯಾರೂ ಕಾರಣ ಕೇಳುವಂತಿಲ್ಲ. ಇದೇ ಅದನ್ನು ಆರಿಸಿಕೊಳ್ಳಲು ಒಂದು ಕಾರಣ. ಇನ್ನೊಂದು ಕಾರಣವನ್ನು ಆಡಮ್ಸ್ ತಾವೇ ಕೊಟ್ಟಿದ್ದಾರೆ. ತನ್ನ ಬಗೆಗಿನ ಅಭಿಮಾನಕ್ಕೆ ಹತ್ತಿರವಾದ ಕೊಡುಗೆಯನ್ನು ಮನುಷ್ಯ ಸುಲಭವಾಗಿ ಬದಲಿಸುವುದಿಲ್ಲ. ತಾನು ಸದಸ್ಯರಿಗೆ ಬೇಕಾದವಳು ಎಂಬುದು ಸಾವಿತ್ರಿಯ ಅಭಿಮಾನ. ಅದನ್ನು ಆಕೆ ಸಂಬಳದ ಸಿಟ್ಟಿಗೆ ಬಲಿಕೊಡುವುದಿಲ್ಲ. ಕೊನೆಯದಾಗಿ ಆ ‘ಸಾರ್’ ಎಂಬ ಮಾತು. ತನಗಿಂತ ಕಿರಿಯನನ್ನು, ತಾನೇ ಕಲಿಸಿದವನನ್ನು ಆಕೆ ಹಾಗೆ ಕರೆಯುವಾಗ ನವೀನನ ಹೆಚ್ಚಿನ ಕೊಡುಗೆ ಎಂದು ಸಂಘ ಒಪ್ಪಿಕೊಂಡಿರುವ ಪದವಿಯನ್ನೇ ಪರೀಕ್ಷೆಗೆ ಒಡ್ಡುತ್ತಿದ್ದಾಳೆ. ಪದವಿ ಅಷ್ಟು ಬೆಲೆಯುಳ್ಳದ್ದಾದರೆ ಕೆಲಸ ಅದರಿಂದಲೇ ನಡೆಯಲಿ ಎಂಬುದು ಅದರ ಅರ್ಥ. ಪಠ್ಯಪುಸ್ತಕ ಇದನ್ನು ಅಸಹಕಾರ ಎಂದು ಕರೆದು ಮುಂದೆ ಹೋಗುತ್ತದೆ. ಸಿದ್ಧಾಂತದ ಕಣ್ಣಿಗೆ ಇದು ಒಂದು ವಾದ.

ಕೊಡುಗೆಯ ಅಂಕಣವೇ ನಿರ್ಣಾಯಕ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿಯಾದ ಪುರಾವೆ ನಮ್ಮ ದೇಶದ್ದೇ. ಅರ್ಥಶಾಸ್ತ್ರಜ್ಞರಾದ ಎಮಿಲಿ ಬ್ರೆಜಾ, ಸುಪ್ರೀತ್ ಕೌರ್ ಮತ್ತು ಯೋಗಿತಾ ಶಾಮದಾಸಾನಿ ಒಡಿಶಾದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಬೇಸಾಯದ ಕೆಲಸವಿಲ್ಲದ ದಿನಗಳಲ್ಲಿ 378 ಕೂಲಿಕಾರರನ್ನು ಒಂದು ತಿಂಗಳ ಮಟ್ಟಿಗೆ ಕೈಕೆಲಸದ ಉತ್ಪಾದನೆಗೆ ತೆಗೆದುಕೊಂಡರು. ಒಂದೊಂದು ಗುಂಪಿನಲ್ಲಿ ಒಂದೇ ಬಗೆಯ ವಸ್ತು ತಯಾರಿಸುವವರು. ಕೆಲವು ಗುಂಪುಗಳಲ್ಲಿ ಎಲ್ಲರಿಗೂ ಒಂದೇ ದಿನಗೂಲಿ. ಉಳಿದವುಗಳಲ್ಲಿ ಅವರವರ ಮೊದಲಿನ ಉತ್ಪಾದನೆಗೆ ತಕ್ಕಂತೆ ಹೆಚ್ಚು ಕಡಿಮೆ ಕೂಲಿ. ಇಲ್ಲಿ ಹೋಲಿಕೆ ಚಮತ್ಕಾರದ್ದು. ಒಬ್ಬನಿಗೆ ಸಿಗುವ ಕೂಲಿ ಎರಡೂ ಕಡೆ ಒಂದೇ ಇರುವಂತೆ ನೋಡಿಕೊಂಡು, ಪಕ್ಕದವನ ಕೂಲಿ ಮಾತ್ರ ಬೇರೆಯಾದಾಗ ಏನಾಗುತ್ತದೆ ಎಂದು ಅಳೆದರು. ಯಾರು ಎಷ್ಟು ತಯಾರಿಸುತ್ತಾರೆ ಎಂಬುದು ಪಕ್ಕದವರಿಗೆ ಸುಲಭವಾಗಿ ಕಾಣದಂಥ ಕೆಲಸಗಳಲ್ಲಿ ಕೂಲಿಯ ವ್ಯತ್ಯಾಸ ಉತ್ಪಾದನೆಯನ್ನು ಗಣನೀಯವಾಗಿ ಇಳಿಸಿತು. ಹಾಜರಿ ನೂರಕ್ಕೆ 18 ಅಂಶದಷ್ಟು ಕುಸಿಯಿತು. ಗೈರುಹಾಜರಾದರೆ ಆ ದಿನದ ಕೂಲಿ ಹೋಗುತ್ತದೆ ಎಂದು ಗೊತ್ತಿದ್ದೂ ಬರಲಿಲ್ಲ. ಆದರೆ ಯಾರು ಹೆಚ್ಚು ತಯಾರಿಸುತ್ತಾರೆ ಎಂಬುದು ಕಣ್ಣಿಗೆ ಕಾಣುವ ಕೆಲಸಗಳಲ್ಲಿ ಅದೇ ವ್ಯತ್ಯಾಸ ಯಾವ ಗುರುತಿಸಬಹುದಾದ ಪರಿಣಾಮವನ್ನೂ ಮಾಡಲಿಲ್ಲ. ಪ್ರತಿಫಲದ ಅಂತರ ಎರಡು ಕಡೆಯೂ ಇತ್ತು. ಒಂದು ಕಡೆ ಕೊಡುಗೆ ಕಾಣುತ್ತಿತ್ತು, ಇನ್ನೊಂದು ಕಡೆ ಕಾಣುತ್ತಿರಲಿಲ್ಲ, ಅಷ್ಟೇ.

ಈ ಪುರಾವೆ ಈಕ್ವಿಟಿ ಸಿದ್ಧಾಂತದ ಮೇಲಿರುವ ಹಳೆಯ ಆಕ್ಷೇಪಕ್ಕೂ ಒಂದು ಉತ್ತರ. ಎಲ್ಲವೂ ಅವರವರ ಗ್ರಹಿಕೆ ಎಂದಮೇಲೆ, ದಾರಿಗಳು ಆರು ಎಂದಮೇಲೆ, ಈ ಸಿದ್ಧಾಂತ ಸುಳ್ಳಾಗುವುದು ಯಾವಾಗ ಎಂದು ವಿಮರ್ಶಕರು ಕೇಳುತ್ತಾರೆ. ಸಾವಿತ್ರಿ ಕೆಲಸ ಕಡಿಮೆ ಮಾಡಿದರೂ ಸರಿ, ಬಿಟ್ಟುಹೋದರೂ ಸರಿ, ಏನೂ ಮಾಡದೆ ಸುಮ್ಮನೆ ಕೂತರೂ ‘ಮನಸ್ಸಿನಲ್ಲೇ ಲೆಕ್ಕ ತಿರುಚಿಕೊಂಡಳು’ ಎನ್ನಬಹುದಲ್ಲ? ಆಕ್ಷೇಪದಲ್ಲಿ ಹುರುಳಿದೆ. ಆಡಮ್ಸ್ ಆರು ದಾರಿಗಳಲ್ಲಿ ಯಾವುದು ಮೊದಲು ಎಂದು ಕೆಲವು ಸೂಚನೆ ಕೊಟ್ಟಿದ್ದರೂ ಒಬ್ಬ ನಿರ್ದಿಷ್ಟ ವ್ಯಕ್ತಿ ನಾಳೆ ಯಾವುದನ್ನು ಹಿಡಿಯುತ್ತಾನೆಂದು ಅವುಗಳಿಂದ ಹೇಳಲಾಗದು. ಆದರೆ ಸಿದ್ಧಾಂತ ಪೂರಾ ಜಾರಿಕೊಳ್ಳುವಂಥದ್ದೇನೂ ಅಲ್ಲ. ಸಂಬಳವನ್ನು ಹಾಗೇ ಇಟ್ಟು ಕೊಡುಗೆಯ ಗೋಚರತೆಯನ್ನು ಮಾತ್ರ ಬದಲಿಸಿದರೆ ಅಸಮಾಧಾನ ಬದಲಾಗಬೇಕು ಎಂಬುದು ಅದರಿಂದ ನೇರವಾಗಿ ಹೊರಡುವ ಮಾತು. ಒಡಿಶಾದಲ್ಲಿ ಅದು ಸುಳ್ಳಾಗುವ ಅವಕಾಶ ಇತ್ತು, ಆಗಲಿಲ್ಲ. ಅಸೂಯೆಯ ವಿವರಣೆಗೆ ಈ ಫಲಿತಾಂಶವನ್ನು ವಿವರಿಸುವ ಶಕ್ತಿಯಿಲ್ಲ; ಅಸೂಯೆಪಡುವವನಿಗೆ ಪಕ್ಕದವನ ಹೆಚ್ಚಿನ ದುಡಿಮೆ ಕಂಡಮಾತ್ರಕ್ಕೆ ಸಮಾಧಾನವಾಗಬೇಕಾಗಿಲ್ಲ.

ಎರಡನೆಯ ಆಕ್ಷೇಪ ನವೀನನ ಬಗ್ಗೆ. ಸಿದ್ಧಾಂತದ ಪ್ರಕಾರ ಹೆಚ್ಚು ಪಡೆದವನಿಗೂ ಇರುಸುಮುರುಸಾಗಬೇಕಲ್ಲ, ಹಾಗೆ ಆಗುವುದನ್ನು ಕಂಡವರಾರು? ಆಡಮ್ಸ್ ತಮ್ಮ ಪ್ರಯೋಗಗಳಲ್ಲಿ ಕಂಡೆ ಎಂದರು. 1964ರಲ್ಲಿ ಪ್ರಕಟವಾದ ಒಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಪುಟಕ್ಕೆ ಇಷ್ಟೆಂದು ಕೂಲಿ. ಕೆಲವರಿಗೆ, ನಿಮಗೆ ಈ ಕೆಲಸದ ಅರ್ಹತೆಯಿಲ್ಲ, ಆದರೂ ಪೂರ್ತಿ ದರ ಕೊಡುತ್ತೇವೆ ಎಂದು ಹೇಳಿದರು. ಅವರು ಹೆಚ್ಚು ಪುಟ ತಿದ್ದಿ ಹೆಚ್ಚು ಹಣ ಮಾಡಿಕೊಳ್ಳಲಿಲ್ಲ. ಕಡಿಮೆ ಪುಟಗಳನ್ನು ಹೆಚ್ಚು ಜಾಗರೂಕತೆಯಿಂದ ತಿದ್ದಿದರು. ಸಿದ್ಧಾಂತಕ್ಕೆ ಇದು ಸರಿಯಾಗಿ ಹೊಂದುತ್ತದೆ, ಏಕೆಂದರೆ ಪುಟಗಳು ಹೆಚ್ಚಿದಷ್ಟೂ ಅನರ್ಹ ಸಂಪಾದನೆಯೂ ಹೆಚ್ಚುತ್ತದೆ. ಆದರೆ ನಿಮಗೆ ಅರ್ಹತೆಯಿಲ್ಲ ಎಂದು ಮುಖಕ್ಕೆ ಹೇಳಿಸಿಕೊಂಡವರು ತಮ್ಮ ಯೋಗ್ಯತೆಯನ್ನು ಸಾಬೀತು ಮಾಡಲೆಂದೇ ಎಚ್ಚರದಿಂದ ಕೆಲಸ ಮಾಡಿರಬಹುದು ಎಂದು ಟೀಕಾಕಾರರು ಹೇಳಿದರು. ಆ ಟೀಕೆಯನ್ನು ತಳ್ಳಿಹಾಕುವುದು ಕಷ್ಟ. ಪ್ರಯೋಗಶಾಲೆಯ ಹೊರಗಿನ ಸಾಕ್ಷಿಯೂ ಟೀಕಾಕಾರರ ಕಡೆಗೇ ವಾಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ನೌಕರರ ಸಂಬಳವನ್ನು ಪತ್ರಿಕೆಯೊಂದು ಬಹಿರಂಗಪಡಿಸಿದಾಗ, ಡೇವಿಡ್ ಕಾರ್ಡ್ ಮತ್ತು ಸಂಗಡಿಗರು ಅಲ್ಲಿನ ವಿಶ್ವವಿದ್ಯಾಲಯದ ಕೆಲವು ನೌಕರರಿಗೆ ಆ ಮಾಹಿತಿಯ ಸುಳಿವು ಕೊಟ್ಟು ಪರಿಣಾಮ ನೋಡಿದರು. 2012ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು. ತಮ್ಮ ವಿಭಾಗದ ನಡುಮಟ್ಟಕ್ಕಿಂತ ಕಡಿಮೆ ಸಂಬಳದವರ ತೃಪ್ತಿ ಇಳಿಯಿತು, ಬೇರೆ ಕೆಲಸ ಹುಡುಕುವ ಇರಾದೆ ಏರಿತು. ಹೆಚ್ಚಿನ ಸಂಬಳದವರಲ್ಲಿ ಏನೂ ಆಗಲಿಲ್ಲ. ಅವರು ಪಶ್ಚಾತ್ತಾಪವನ್ನೂ ಪಡಲಿಲ್ಲ, ಸಂತೋಷವನ್ನೂ ಪಡಲಿಲ್ಲ. ಹಾಗಾಗಿ ಸಿದ್ಧಾಂತದ ಎರಡು ತೋಳುಗಳು ಸಮಬಲದವಲ್ಲ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ಹೆಚ್ಚು ಪಡೆದವರು ಏಕೆ ನೆಮ್ಮದಿಯಾಗಿರುತ್ತಾರೆ ಎಂದು ಕೇಳಿದರೆ ಉತ್ತರ ಮತ್ತೆ ಕೊಡುಗೆಯ ಅಂಕಣಕ್ಕೇ ಮರಳುತ್ತದೆ. ನನಗೆ 2,000 ಹೆಚ್ಚು ಬರುತ್ತದೆ ಎಂದು ತಿಳಿದ ನವೀನ ಒಂದೇ ನಿಮಿಷದಲ್ಲಿ ತನ್ನ ಪದವಿಗೆ, ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಬೆಲೆ ಕಟ್ಟಿಕೊಳ್ಳುತ್ತಾನೆ. ತನ್ನ ಕೊಡುಗೆಯ ಅಂಕಿಯನ್ನು ಏರಿಸಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ, ಖರ್ಚೂ ಇಲ್ಲ. ಸಾವಿತ್ರಿಗೆ ಆ ಸೌಕರ್ಯವಿಲ್ಲ. ಸಮತೆ ಬರಬೇಕಾದರೆ ಆಕೆ ತನ್ನ 9 ವರ್ಷಗಳನ್ನು ತಾನೇ ಕೆಳಗಿಳಿಸಿಕೊಳ್ಳಬೇಕು.

ಕಾರ್ಯದರ್ಶಿಗಳು ಏನು ಮಾಡಬಹುದಿತ್ತು ಎಂಬುದು ಇಂಥ ಪ್ರಶ್ನೆಯ ಕೊನೆಯ ಭಾಗವಾಗಿ ಸಾಮಾನ್ಯವಾಗಿ ಇರುತ್ತದೆ. ಸಂಬಳ ಹೆಚ್ಚಿಸಬೇಕು ಎಂದು ಬರೆಯುವುದು ಸುಲಭ. ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ 10 ವಾರಗಳ ಕಾಲ ನೂರಕ್ಕೆ 15ರಷ್ಟು ಸಂಬಳ ಕಡಿತವಾಯಿತು, ಮೂರನೆಯದರಲ್ಲಿ ಆಗಲಿಲ್ಲ. ಕಡಿತವಾದ ಒಂದು ಕಾರ್ಖಾನೆಯಲ್ಲಿ ಕಾರಣಗಳನ್ನು ವಿವರವಾಗಿ, ವಿಷಾದದಿಂದ ತಿಳಿಸಿದರು. ಇನ್ನೊಂದರಲ್ಲಿ ಚುಟುಕಾಗಿ ಹೇಳಿ ಮುಗಿಸಿದರು. ಎರಡೂ ಕಡೆ ಕಳ್ಳತನ ಹೆಚ್ಚಿತು, ಆದರೆ ಚುಟುಕಾಗಿ ಹೇಳಿದ ಕಡೆ ಬಹಳ ಹೆಚ್ಚು. ಕಳೆದುಕೊಂಡ ಹಣ ಎರಡೂ ಕಡೆ ಒಂದೇ ಆಗಿದ್ದರೂ ವಿವರಣೆ ಸಿಕ್ಕವರ ಲೆಕ್ಕ ಬೇರೆಯಾಯಿತು. ಇದನ್ನು ಓದಿದ ಆಡಳಿತಗಾರರು ಕೆಲವೊಮ್ಮೆ ಅಗ್ಗದ ಪಾಠ ಕಲಿಯುತ್ತಾರೆ, ದುಡ್ಡು ಕೊಡದೆ ಮಾತು ಕೊಟ್ಟರೆ ಸಾಕು ಎಂದು. ವಿವರಣೆ ಸಿಕ್ಕ ಕಾರ್ಖಾನೆಯಲ್ಲಿಯೂ ಕಳ್ಳತನ ಹೆಚ್ಚಿತು ಎಂಬ ಅರ್ಧವನ್ನು ಅವರು ಮರೆಯುತ್ತಾರೆ. ನಮ್ಮ ಕಾರ್ಯದರ್ಶಿಗಳು ಸಾಫ್ಟ್‌ವೇರ್ ಕೆಲಸ ಏನು, ಅದರಿಂದ ಸಂಘಕ್ಕೆ ಏನು ಉಳಿಯಿತು ಎಂದು ಎಲ್ಲರೆದುರು ತೋರಿಸಿದ್ದರೆ ನವೀನನ ಕೊಡುಗೆ ಸಾವಿತ್ರಿಗೆ ಕಾಣುತ್ತಿತ್ತು. ಹೊಸಬರಿಗೆ ತರಬೇತಿ ಕೊಡುವುದನ್ನು ಒಂದು ಜವಾಬ್ದಾರಿಯಾಗಿ ಬರೆದು ಅದಕ್ಕೊಂದು ಭತ್ಯೆ ಇಟ್ಟಿದ್ದರೆ ಸಾವಿತ್ರಿಯ ಕೊಡುಗೆ ಸಂಘಕ್ಕೆ ಕಾಣುತ್ತಿತ್ತು. ಎರಡೂ ಬೇಕು. ಮೊದಲನೆಯದನ್ನಷ್ಟೇ ಮಾಡಿದರೆ ಸಾವಿತ್ರಿಗೆ ಬುದ್ಧಿ ಹೇಳಿದಂತಾಗುತ್ತದೆ.

ಇದೆಲ್ಲ ಪಶ್ಚಿಮದ ಲೆಕ್ಕಾಚಾರ, ನಮ್ಮಲ್ಲಿ ಅವರವರ ಅಗತ್ಯವನ್ನೂ ನೋಡುತ್ತಾರೆ ಎಂಬ ಆಕ್ಷೇಪವಿದೆ. ಇದಕ್ಕೆ ಆಧಾರವೂ ಇದೆ. ಅಮೆರಿಕನ್ನರಿಗೂ ಭಾರತೀಯರಿಗೂ ಒಂದೇ ಸನ್ನಿವೇಶ ಕೊಟ್ಟು, ಬೋನಸ್ಸನ್ನು ಚೆನ್ನಾಗಿ ಕೆಲಸ ಮಾಡಿದವನಿಗೂ ಕಷ್ಟದಲ್ಲಿರುವವನಿಗೂ ಹೇಗೆ ಹಂಚಬೇಕೆಂದು ಕೇಳಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ಭಾರತೀಯರು ಕಷ್ಟದಲ್ಲಿರುವವನ ಕಡೆಗೆ ಹೆಚ್ಚು ಒಲಿದರು. ಹಾಗಾದರೆ ನವೀನನ ಮನೆಯ ಸಾಲ, ತಂದೆಯ ಕಾಯಿಲೆ ಸಾವಿತ್ರಿಗೆ ತಿಳಿದರೆ ಆಕೆಯ ಸಿಟ್ಟು ಇಳಿದೀತೇ? ಇಳಿಯಬಹುದು. ಆದರೆ ಗಮನಿಸಿ, ಅಗತ್ಯವೂ ಒಬ್ಬರ ಪುಸ್ತಕದಲ್ಲಿ ಸಂಬಂಧಪಟ್ಟದ್ದೆಂದು ನಮೂದಾಗಿ ಇನ್ನೊಬ್ಬರ ಪುಸ್ತಕದಲ್ಲಿ ನಮೂದಾಗದೆ ಹೋಗಬಹುದು. ‘ನನಗೂ ಮನೆಯಿದೆ’ ಎಂದು ಸಾವಿತ್ರಿ ಹೇಳಿದರೆ ಚರ್ಚೆ ಮತ್ತೆ ಅಲ್ಲಿಗೇ ಬರುತ್ತದೆ. ಗಂಡನ ಸಂಬಳ ಬರುತ್ತದಲ್ಲ ಎಂದು ದುಡಿಯುವ ಹೆಂಗಸಿಗೆ ಉತ್ತರ ಕೊಡುವ ಅಭ್ಯಾಸ ನಮ್ಮ ಕಚೇರಿಗಳಿಗೆ ಹೊಸದೇನಲ್ಲ.

ಅತ್ಯಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಈ ಸಿದ್ಧಾಂತ ಅಳೆಯುವುದು ನ್ಯಾಯದ ಭಾವನೆಯನ್ನು, ನ್ಯಾಯವನ್ನಲ್ಲ. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರ ಬಗ್ಗೆ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಸಂಗಡಿಗರು 1949ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡ್ತಿ ಬೇಗ ಸಿಗುತ್ತಿದ್ದ ವಾಯುದಳದವರಿಗಿಂತ ಬಡ್ತಿ ಅಪರೂಪವಾಗಿದ್ದ ಮಿಲಿಟರಿ ಪೊಲೀಸರೇ ಬಡ್ತಿಯ ಅವಕಾಶದ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ಅವರ ಹೋಲಿಕೆ ತಮ್ಮಂತೆಯೇ ಬಡ್ತಿ ಸಿಗದ ಪಕ್ಕದವರೊಡನೆ ಇತ್ತು. ಹೋಲಿಕೆಯ ವ್ಯಕ್ತಿಯನ್ನು ಕಿರಿದು ಮಾಡಿಟ್ಟರೆ ಎಂಥ ಅನ್ಯಾಯವೂ ಸಮತೆಯಂತೆ ಕಾಣಬಲ್ಲದು. ನಮ್ಮ ಹೊಲಗಳಲ್ಲಿ ನಾಟಿ ಮತ್ತು ಕಳೆ ಹೆಂಗಸರ ಕೆಲಸ, ಅದಕ್ಕೊಂದು ಕೂಲಿ. ಗಂಡಾಳಿನ ಕೂಲಿ ಬೇರೆ, ಅದು ಹೆಚ್ಚು. ಇಡೀ ದಿನ ಬೆನ್ನು ಬಗ್ಗಿಸಿ ನಾಟಿ ಹಾಕುವವಳು ತನ್ನನ್ನು ಪಕ್ಕದ ಸಾಲಿನ ಹೆಂಗಸಿನೊಡನೆ ಹೋಲಿಸಿಕೊಳ್ಳುತ್ತಿರುವಷ್ಟು ಕಾಲ ಆಡಮ್ಸ್ ಅವರ ಸೂತ್ರದಲ್ಲಿ ಅಸಮತೆ ಏನೂ ಇಲ್ಲ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆಯ ಅಕ್ಷರ ಆ ಹೋಲಿಕೆಯನ್ನು ಬದಲಿಸಲು ಸಾಲಲಿಲ್ಲ, ಏಕೆಂದರೆ ಕೆಲಸಗಳೇ ಬೇರೆ ಎಂಬ ಉತ್ತರ ಸಿದ್ಧವಾಗಿತ್ತು. ಇಲ್ಲಿಯೂ ಅದೇ ಅಂಕಣ. ನಾಟಿಯ ಬಗ್ಗಿದ ಬೆನ್ನು ಮತ್ತು ನೇಗಿಲ ಹಿಂದಿನ ನಡಿಗೆ ಸಮಾನ ಕೊಡುಗೆಗಳೇ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ.

ಇದು ಸಿದ್ಧಾಂತದ ಮಿತಿಯೆಂದು ನಾನು ಒಪ್ಪುತ್ತೇನೆ. ಅದರ ಸೋಲೆಂದು ಒಪ್ಪುವುದಿಲ್ಲ. ತೃಪ್ತಿ ಕಂಡಲ್ಲಿ ಹೋಲಿಕೆ ಯಾರೊಡನೆ ಎಂದು ಕೇಳುವುದನ್ನು ಅದೇ ಕಲಿಸುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಕಾಮಗಾರಿಗಳಲ್ಲಿ ಗಂಡು ಹೆಣ್ಣಿಗೆ ಕೂಲಿಯ ದರ ಒಂದೇ ಇತ್ತು, ಇಬ್ಬರ ಹೆಸರೂ ಒಂದೇ ಹಾಜರಿಪಟ್ಟಿಯಲ್ಲಿ ಇರುತ್ತಿತ್ತು. ಕೆರೆಯ ಹೂಳು ತೆಗೆಯುವ ಜಾಗದಲ್ಲಿ ಗಂಡು ಅಗೆಯುತ್ತಿದ್ದ, ಹೆಣ್ಣು ಬುಟ್ಟಿ ಹೊರುತ್ತಿದ್ದಳು, ಅಳತೆ ತೆಗೆಯುತ್ತಿದ್ದದ್ದು ಒಟ್ಟು ಗುಂಡಿಯನ್ನು. ಅಲ್ಲಿ ವಾರ ಕಳೆದವಳು ಮುಂದಿನ ವಾರ ಹೊಲದ ಯಜಮಾನನ ಮುಂದೆ ಕೂಲಿ ಮಾತಾಡುವಾಗ, ಸಿದ್ಧಾಂತದ ಪ್ರಕಾರ ಆಕೆಯ ಎದುರು ಹೋಲಿಕೆಗೆ ಪಕ್ಕದ ಸಾಲಿನ ಹೆಂಗಸೊಬ್ಬಳೇ ಇರುವುದಿಲ್ಲ, ಒಂದೇ ಗುಂಡಿಯಲ್ಲಿ ಅಗೆದ ಗಂಡಾಳೂ ಇರುತ್ತಾನೆ. ಮುಂದಿನ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಸಂಘದ ಗುಮಾಸ್ತೆಯನ್ನು ಬಿಟ್ಟು ಈ ಕೂಲಿಕಾರಳ ಸನ್ನಿವೇಶವನ್ನು ಕೊಡಬಹುದು. ಆಗ ವಿದ್ಯಾರ್ಥಿ ಬರೆಯಬೇಕಾದ ಪಟ್ಟಿ ಎರಡಲ್ಲ, ಮೂರು: ಯಜಮಾನನದು ಒಂದು, ಹಾಜರಿಪಟ್ಟಿಗೆ ಮೊದಲಿನ ಆಕೆಯದು ಒಂದು, ನಂತರದ ಆಕೆಯದು ಇನ್ನೊಂದು.